ಗಿರಣಿ ದಾಕ್ಷಾಯಣಮ್ಮನ ಮಗನಿಗೆ ಪಾಲಕರು ಬೇಕಾಗಿದ್ದಾರೆ

ದಾಕ್ಷಾಯಣಮ್ಮನವರಿಗೆ ಗುಟ್ಟು ಹೇಳಲು ಬರುವುದಿಲ್ಲ. ಇದು ಅವರ ಸ್ವಭಾವದ ದೋಷವಲ್ಲ, ಗಿರಣಿಯ ದೋಷ. ಹಿಟ್ಟಿನ ಗಿರಣಿಯ ಮೋಟರಿನ ಪಕ್ಕ ಮೂವತ್ತೈದು ವರ್ಷ ನಿಂತವರಿಗೆ ಕಿವಿ ಅರ್ಧ ಹೋಗಿರುತ್ತದೆ, ಗಂಟಲು ಎರಡರಷ್ಟು ಆಗಿರುತ್ತದೆ. "ಯಾರಿಗೂ ಹೇಳಬ್ಯಾಡ್ರಿ" ಎಂದು ಅವರು ಹೇಳಿದ ಮಾತು ಊರಬಾಗಿಲಿನ ತನಕ ಕೇಳಿಸುತ್ತದೆ. ಈ ಕಥೆಯ ಅರ್ಧ ಗೋಳು ಹುಟ್ಟಿದ್ದೇ ಅಲ್ಲಿಂದ. ಇನ್ನರ್ಧ ಗೋಳನ್ನು ಹುಟ್ಟಿಸಲು ನೆಂಟರು ಇದ್ದೇ ಇದ್ದರು.

ನಾನು ರಂಗೇಶ್. ಹೊಳಲ್ಕೆರೆ ತಾಲ್ಲೂಕು, ಬಿ.ದುರ್ಗ ಹೋಬಳಿ ಕಡೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಪುನರ್ವಸತಿ ಕಾರ್ಯಕರ್ತ. ಅಂಗವಿಕಲರ ಕಾರ್ಡು, ಮಾಸಾಶನ, ಅರ್ಜಿ ಇವನ್ನೆಲ್ಲ ಓಡಾಡಿ ಮಾಡಿಸಿಕೊಡುವುದು ನನ್ನ ಕೆಲಸ. ಓಡಾಡಿ ಎನ್ನುವುದು ಸರ್ಕಾರದ ಭಾಷೆ. ನನ್ನ ಎಡಗಾಲು ಮೂರನೇ ವಯಸ್ಸಿಗೇ ಪೋಲಿಯೋ ಪಾಲಾಯಿತು. ಮೂರು ಚಕ್ರದ ಸ್ಕೂಟರು ಓಡುತ್ತದೆ, ನಾನು ಅದರ ಮೇಲೆ ಕೂತಿರುತ್ತೇನೆ. ನನ್ನ ನಾಲಿಗೆ ಸ್ವಲ್ಪ ಉದ್ದ ಎಂದು ಊರಿನವರು ಹೇಳುತ್ತಾರೆ. ಕಾಲು ಕೊಡದವನು ಬೇರೇನಾದರೂ ಕೊಡಬೇಕಿತ್ತಲ್ಲ.

ದಾಕ್ಷಾಯಣಮ್ಮನವರ ಮಗ ಹಾಲೇಶ್. ವಯಸ್ಸು ಇಪ್ಪತ್ತೇಳು, ಕಾರ್ಡಿನಲ್ಲಿ ಬೌದ್ಧಿಕ ಅಂಗವೈಕಲ್ಯ ಎಂದು ಬರೆದಿದೆ. ಹಾಲೇಶನಿಗೆ ಗಡಿಯಾರ ನೋಡಲು ಬರುವುದಿಲ್ಲ, ನೋಟು ಎಣಿಸಲು ಬರುವುದಿಲ್ಲ. ಆದರೆ ಗಿರಣಿಯಲ್ಲಿ ಮೂವತ್ತು ಡಬ್ಬಿ ಸಾಲಾಗಿ ಇಟ್ಟಿದ್ದರೆ ಯಾವುದು ಯಾರ ಮನೆಯದು, ಯಾರದ್ದು ಮೊದಲು ಬಂತು ಎಂಬುದು ಅವನಿಗೆ ಗೊತ್ತು. ಪಂಚಾಯಿತಿ ಮೆಂಬರು ಒಮ್ಮೆ ತನ್ನ ರಾಗಿ ಚೀಲವನ್ನು ಸದ್ದಿಲ್ಲದೆ ಮುಂದಕ್ಕೆ ತಳ್ಳಿದಾಗ ಹಾಲೇಶ ಅದನ್ನು ಎತ್ತಿ ಕೊನೆಗೆ ಇಟ್ಟು ಬಂದಿದ್ದ. ನಮ್ಮ ತಾಲ್ಲೂಕಿನಲ್ಲಿ ಸಾಲು ತಪ್ಪದೆ ಕೆಲಸ ನಡೆಯುವ ಜಾಗ ಅದೊಂದೇ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಗಂಡ ಶಿವಕುಮಾರಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಎರಡೂವರೆ ಎಕರೆ ತೆಂಗಿನ ತೋಟದ ಖಾತೆ ತಾಯಿ, ಮಗಳು, ಮಗ ಮೂವರ ಹೆಸರಿಗೂ ಆಗಿತ್ತು. ಅಷ್ಟಾದ ಮೇಲೆ ಹಾಲೇಶನ ಹೆಸರಿನಲ್ಲಿ ಬ್ಯಾಂಕ್ ಖಾತೆ ಬೇಕಾಯಿತು. ಹೊಳಲ್ಕೆರೆಯ ಒಂದು ಬ್ಯಾಂಕಿಗೆ ತಾಯಿ, ಮಗ, ನಾನು ಮೂವರೂ ಹೋದೆವು. ಮ್ಯಾನೇಜರು ಒಳ್ಳೆಯ ಹುಡುಗ, ಕುರ್ಚಿ ಕೊಟ್ಟ. ಆಮೇಲೆ ಕೇಳಿದ.

"ಪೋಷಕರು ಯಾರು?"

"ನಾನೇ" ಎಂದರು ದಾಕ್ಷಾಯಣಮ್ಮ. ಬ್ಯಾಂಕಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಅಂದ್ರೆ ಕಾನೂನು ಪ್ರಕಾರ ನೇಮಕ ಆದ ಪೋಷಕರು. ಆದೇಶದ ಪ್ರತಿ ಬೇಕಮ್ಮ."

"ನನ್ನ ಮಗನ್ನ ಹಡೆಯಾಕೆ ಯಾರ ಆದೇಶನೂ ಇರ್ಲಿಲ್ಲ ಕಣಪ್ಪ. ಶಾಲೆ ಕಾರ್ಡಿನಾಗೆ ಹತ್ತು ವರ್ಷ ಪೋಷಕರ ಸಹಿ ಅಂತ ನಾನೇ ಹಾಕೀನಿ."

ಮ್ಯಾನೇಜರು ನನ್ನ ಮುಖ ನೋಡಿದ. ನಾನೇ ವಿವರಿಸಬೇಕಾಯಿತು. ಮಗ ಹದಿನೆಂಟು ದಾಟಿದ ದಿನವೇ ತಾಯಿಯ ಆ ಪದವಿ ಹೋಗಿಬಿಡುತ್ತದೆ. ಆಮೇಲೆ ಬುದ್ಧಿ ಬೆಳವಣಿಗೆ ಕಡಿಮೆ ಇರುವ ಮಗನ ಪರವಾಗಿ ಕಾಗದಕ್ಕೆ ಸಹಿ ಮಾಡಲು ಹೆತ್ತವರೂ ಅರ್ಜಿ ಹಾಕಿ ನೇಮಕವಾಗಬೇಕು. ಅದಕ್ಕೆ ನ್ಯಾಷನಲ್ ಟ್ರಸ್ಟ್ ಕಾಯಿದೆ ಅಂತ ಇದೆ, ಚಿತ್ರದುರ್ಗದಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಇದೆ. ಒಂಬತ್ತು ವರ್ಷದಿಂದ ತಾನು ತನ್ನ ಮಗನಿಗೆ ಕಾನೂನಿನಲ್ಲಿ ಯಾರೂ ಅಲ್ಲ ಎಂದು ತಿಳಿದ ದಾಕ್ಷಾಯಣಮ್ಮ ಬ್ಯಾಂಕಿನ ಮೆಟ್ಟಿಲ ಮೇಲೆ ಕುಕ್ಕರಿಸಿದರು. ಹಾಲೇಶ ಅವರ ಪಕ್ಕ ಕೂತು ಜನ ಬಿಟ್ಟ ಚಪ್ಪಲಿಗಳ ಸಾಲು ಸರಿ ಮಾಡತೊಡಗಿದ.

"ಸರಿ, ನನ್ನ ಹೆಸರೇ ಹಾಕಿಸು" ಎಂದರು.

"ಹಾಕಿಸಬೋದು. ನಿಮಗೆ ಅರವತ್ತಮೂರು. ನೀವು ಹೋದ ದಿನ ಆ ಕಾಗದನೂ ನಿಮ್ಮ ಜತೆಗೇ ಹೋಗ್ತದೆ. ಆಮೇಲೆ ಅವನಿಗೆ ಮತ್ತೆ ಮೊದಲಿಂದ ಯಾರಾದ್ರೂ ಅರ್ಜಿ ಹಾಕಬೇಕು. ಯಾರು ಹಾಕ್ತಾರೆ? ತಾಯಿ ಆದವರು ತಮಗೆ ಇಷ್ಟ ಬಂದ ಯಾರನ್ನ ಬೇಕಾದ್ರೂ ಪಾಲಕರಾಗಿ ಹೆಸರಿಸಬೋದು ಅಂತ ಕಾಯಿದೆನಾಗೇ ಐತೆ. ನೀವು ಗಟ್ಟಿಮುಟ್ಟಾಗಿ ಇರೋವಾಗ್ಲೇ ವಯಸ್ಸಿನಲ್ಲಿ ಚಿಕ್ಕೋರನ್ನ ನೋಡಿ ಹೆಸರಿಸ್ರಿ. ನೀವೂ ಇರ್ತೀರಿ, ಅವರೂ ಕಲೀತಾರೆ."

ಮಾತು ಅವರ ತಲೆಗೆ ಹೋಯಿತು. ಆದರೆ ಹೋದದ್ದು ಅಲ್ಲಿಯೇ ಸುಮ್ಮನೆ ಇರಬೇಕಲ್ಲ.

ಮಾರನೆಯ ದಿನ ಗಿರಣಿಯಲ್ಲಿ ಮೋಟರು ಓಡುತ್ತಿತ್ತು. ಪಕ್ಕದ ಬೀದಿಯ ರಂಗಕ್ಕ ಜೋಳದ ಡಬ್ಬಿ ತಂದು, ಬ್ಯಾಂಕಿಗೆ ಹೋಗಿದ್ರಂತೆ ಏನಾಯ್ತು ಎಂದು ಕೂಗಿ ಕೇಳಿದಳು. ದಾಕ್ಷಾಯಣಮ್ಮ ಗುಟ್ಟಿನಲ್ಲಿ ಕೂಗಿ ಹೇಳಿದರು: "ಹಾಲೇಶಂಗೆ ಪಾಲಕರನ್ನ ಹಾಕ್ತೀನಿ ಕಣೇ!" ಮೋಟರಿನ ಗುಡುಗಿನ ನಡುವೆ ರಂಗಕ್ಕನಿಗೆ ಕೇಳಿಸಿದ್ದು, "ಹಾಲೇಶನ ಪಾಲು ಹಾಕ್ತೀನಿ". ಜೋಳ ಹಿಟ್ಟಾಗುವಷ್ಟರಲ್ಲಿ ಸುದ್ದಿಯೂ ನುಣ್ಣಗಾಗಿ ಊರೆಲ್ಲ ಹರಡಿತು. ಹಾಲೇಶನನ್ನು ನೋಡಿಕೊಳ್ಳಲು ಒಪ್ಪಿದವರಿಗೆ ಅವನ ಪಾಲಿನ ತೋಟ ಬರೆದುಕೊಡುತ್ತಾರಂತೆ.

ಆಮೇಲೆ ಹದಿನೈದು ದಿನ ಊರಿನಲ್ಲಿ ಉಕ್ಕಿ ಹರಿದ ಪ್ರೀತಿಯನ್ನು ನೀವು ನೋಡಬೇಕಿತ್ತು. ಇಪ್ಪತ್ತೇಳು ವರ್ಷ ಹಾಲೇಶನನ್ನು "ಅದು" ಎಂದು ಕರೆಯುತ್ತಿದ್ದವರ ಬಾಯಲ್ಲಿ "ನಮ್ಮ ಹಾಲೇಶಣ್ಣ" ಬಂತು. ಮದುವೆ ಮನೆಯಲ್ಲಿ ಅವನನ್ನು ಕೊನೆ ಪಂಕ್ತಿಯಲ್ಲಿ, ಅದೂ ನೀರಿನ ಡ್ರಮ್ಮಿನ ಹಿಂದೆ ಕೂರಿಸಿದ್ದ ದೊಡ್ಡಮ್ಮನ ಮಗ ಎರಡು ಡಜನ್ ಬಾಳೆಹಣ್ಣು ತಂದ. ಸಿರಿಗೆರೆಯಿಂದ ಒಬ್ಬರು ದೂರದ ಸೋದರತ್ತೆ ಬಸ್ಸು ಹಿಡಿದು ಬಂದು, ಈ ಮಗುವನ್ನು ನೆನೆದರೆ ತುತ್ತು ಇಳಿಯುವುದಿಲ್ಲ ಎಂದು ಅತ್ತು, ಮೂರು ಹೋಳಿಗೆ ತಿಂದು ಹೋದರು. ಬಿಸ್ಕತ್ತಿನ ಪೊಟ್ಟಣಗಳು ಎಷ್ಟು ಬಂದವೆಂದರೆ ಹಾಲೇಶ ಅವನ್ನೂ ಡಬ್ಬಿಗಳ ಹಾಗೆ ಬಂದ ಕ್ರಮದಲ್ಲಿ ಸಾಲಾಗಿ ಜೋಡಿಸಿದ್ದ.

ಕೊನೆಗೆ ನಾನು ಒಂದು ಭಾನುವಾರ ಗಿರಣಿ ಮುಂದಿನ ಕಟ್ಟೆಗೆ ಆ ಪ್ರೀತಿವಂತರನ್ನೆಲ್ಲ ಕರೆಸಿದೆ. ಮೋಟರು ಆರಿಸಿದೆ. ಪಾಲಕ ಅಂದರೆ ಪಾಲು ತಗೊಳ್ಳೋನಲ್ಲ, ಕಾಪಾಡೋನು ಎಂದು ಮೊದಲು ಹೇಳಿದೆ. ಮುಖಗಳು ಸ್ವಲ್ಪ ಬಾಡಿದವು. ನೇಮಕವಾದ ಆರು ತಿಂಗಳೊಳಗೆ ಹಾಲೇಶನ ಆಸ್ತಿ ಏನೇನಿದೆ ಎಂದು ಸಮಿತಿಗೆ ಪಟ್ಟಿ ಕೊಡಬೇಕು, ವರ್ಷ ವರ್ಷ ಲೆಕ್ಕ ಒಪ್ಪಿಸಬೇಕು, ಅವನನ್ನು ನೋಡಿಕೊಳ್ಳದೆ ಬಿಟ್ಟರೆ ಅಥವಾ ಅವನ ಆಸ್ತಿ ನುಂಗಿದರೆ ನೆಂಟರಲ್ಲಿ ಯಾರು ಬೇಕಾದರೂ ದೂರು ಕೊಟ್ಟು ಪಾಲಕನನ್ನು ಕಿತ್ತುಹಾಕಿಸಬಹುದು ಎಂದೆ. ಸಂಬಳ ಎಷ್ಟು ಎಂದು ಒಬ್ಬ ಕೇಳಿದ. ಏನೂ ಇಲ್ಲ ಎಂದೆ.

ಅಲ್ಲೇ ಕೂತಿದ್ದವರಿಗೆ ರೋಗಗಳು ಬರತೊಡಗಿದವು. ದೊಡ್ಡಮ್ಮನ ಮಗನಿಗೆ ಸೊಂಟ ಹಿಡಿದುಕೊಂಡಿತು. ಸೋದರತ್ತೆಗೆ ಸಕ್ಕರೆ ಕಾಯಿಲೆ ನೆನಪಾಯಿತು. ಇನ್ನೊಬ್ಬನಿಗೆ ತಾನು ವರ್ಷದಲ್ಲಿ ಎಂಟು ತಿಂಗಳು ಹಿರಿಯೂರು ಕಡೆ ವ್ಯಾಪಾರಕ್ಕೆ ಹೋಗುವುದು ಜ್ಞಾಪಕಕ್ಕೆ ಬಂತು. ಕಾಲು ಗಂಟೆಯಲ್ಲಿ ಕಟ್ಟೆ ಖಾಲಿ. ಬಾಳೆಹಣ್ಣು ತಂದವನು ಉಳಿದಿದ್ದ ಚಿಪ್ಪನ್ನು ವಾಪಸ್ ತಗೊಂಡು ಹೋದ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಒಬ್ಬ ಮಾತ್ರ ಏಳಲಿಲ್ಲ. ಶಿವಕುಮಾರಪ್ಪನವರ ತಮ್ಮ ನಾಗಣ್ಣ. ಸಭೆ ಎಲ್ಲೇ ಇರಲಿ ಮುಂದಿನ ಸಾಲಿನಲ್ಲಿ ಹೆಗಲ ಮೇಲೆ ಬಿಳಿ ಟವೆಲ್ ಹಾಕಿ ಕೂರುವ ಮನುಷ್ಯ. ಹಾಲೇಶನ ತೋಟದ ಬದುವಿಗೆ ಅವನ ತೋಟದ ಬದು ಅಂಟಿಕೊಂಡಿದೆ. ವರ್ಷಕ್ಕೊಂದು ಗೇಣು ಆ ಬದು ಅಣ್ಣನ ಕಡೆಗೆ ಜರುಗುತ್ತಲೂ ಇದೆ.

"ಅತ್ತಿಗೆ, ಹೆಣ್ಣು ಜೀವ ನೀವು. ಅವನಿಗೆ ಗಂಡು ದಿಕ್ಕು ಬೇಕು. ನಮ್ಮ ವಂಶದ ಕುಡಿ ಅವನು. ನನ್ನ ಹೆಸರು ಹಾಕ್ರಿ, ನೀವು ಕಣ್ಣು ಮುಚ್ಚಿದ ಮ್ಯಾಲೂ ನಮ್ಮನೇಲಿ ಒಂದು ಮೂಲೆ ಇದ್ದೇ ಇರ್ತೈತೆ."

ಮೂಲೆ ಎಂಬ ಮಾತು ನನ್ನ ಕಿವಿಗೆ ಬಿತ್ತು. ಅವರ ಕಿವಿಗೆ ಬಿದ್ದದ್ದು ಗಂಡು ದಿಕ್ಕು. ದಾಕ್ಷಾಯಣಮ್ಮ ನನ್ನ ಕಡೆ ತಿರುಗಿ "ಬರಿಯಪ್ಪ, ನಾಗಣ್ಣನ ಹೆಸರು" ಎಂದುಬಿಟ್ಟರು.

"ಮಗಳು ಇದಾಳಲ್ರೀ ನಿಮಗೆ!"

"ದಿವ್ಯಾನ? ಅವಳು ಕೊಟ್ಟ ಹೆಣ್ಣು ಕಣಪ್ಪ. ಹೊಸದುರ್ಗದಾಗೆ ಅತ್ತೆ ಮನೆ ಐತೆ, ಅಂಗನವಾಡಿ ಕೆಲಸ ಐತೆ. ಇದನ್ನೂ ಕಟ್ಟಿ ಕಳಿಸಿದ್ರೆ ಅವಳ ಬದುಕು ಏನಾಗಬೇಕು?"

ಮಗಳ ಬದುಕಿನ ಚಿಂತೆ ಅವರಿಗೆ ನಿಜವಾಗಿಯೂ ಇತ್ತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಇಬ್ಬರು ಮಕ್ಕಳ ಬದುಕನ್ನು ತೀರ್ಮಾನ ಮಾಡಿದ್ದರು, ಇಬ್ಬರಲ್ಲಿ ಒಬ್ಬರನ್ನೂ ಒಂದು ಮಾತು ಕೇಳಿರಲಿಲ್ಲ. ಆಯಿತು ಬರೀತೀನಿ ಎಂದು ಮನೆಗೆ ಬಂದೆ. ಅರ್ಜಿ ಬರೆಯಲಿಲ್ಲ, ದಿವ್ಯಾಗೆ ಫೋನ್ ಮಾಡಿದೆ. ನಾನು ಬಾಯಿಬಡಕ ಎಂದು ಮೊದಲೇ ಒಪ್ಪಿಕೊಂಡಿದ್ದೇನೆ.

ದಿವ್ಯಾ ಮಾರನೆಯ ದಿನ ಬೆಳಿಗ್ಗೆಯ ಬಸ್ಸಿಗೆ ಬಂದಳು, ಗಂಡ ಶರಣ್‌ನ ಜೊತೆ. ಮೂವತ್ತೆರಡರ ಹೆಣ್ಣು, ತಾಯಿಯ ಗಂಟಲೇ ಬಂದಿದೆ. ಗಿರಣಿಯ ಹಿಂದಿನ ಬಚ್ಚಲಿನಲ್ಲಿ ತಾಯಿ ಮಗನಿಗೆ ಸ್ನಾನ ಮಾಡಿಸುತ್ತಿದ್ದರು. ಆರಡಿ ಎತ್ತರದ ಗಡ್ಡದ ಗಂಡಸು ಮಣೆಯ ಮೇಲೆ ಕೂತಿದ್ದ, ಅರವತ್ತಮೂರರ ಹೆಂಗಸು ಬಗ್ಗಿ ಬೆನ್ನು ಉಜ್ಜುತ್ತಿದ್ದರು.

"ಅವ್ವ, ಬಿಡು ಆ ಚೊಂಬು" ಎಂದಳು ದಿವ್ಯಾ.

"ಕಣ್ಣಿಗೆ ಸೋಪು ಹೋಗ್ತೈತೆ ಕಣೇ ಅವನಿಗೆ."

"ಹೋಗ್ಲಿ. ಎಲ್ಲಾರ ಕಣ್ಣಿಗೂ ಹೋಗ್ತದೆ. ಇಪ್ಪತ್ತೇಳು ವರ್ಷ ಅವನ ಕೈಗೆ ಒಂದು ಚೊಂಬು ಕೊಟ್ಟಿಲ್ಲ, ಅನ್ನ ನೀನೇ ಕಲಸ್ತೀಯ, ಒಂದು ರಾತ್ರಿ ಇನ್ನೊಬ್ಬರ ಮನೇಲಿ ಮಲಗಿಸಿಲ್ಲ. ನನ್ನ ಬಿಟ್ರೆ ಇವನ್ನ ಯಾರು ನೋಡ್ಕೊಳ್ತಾರೆ ಅಂತ ಊರೆಲ್ಲ ಅಳ್ತೀಯ. ಯಾರೂ ನೋಡ್ಕೊಳ್ಳಕ್ಕೆ ಆಗದ ಹಾಗೆ ಇಟ್ಟಿದ್ದು ನೀನೇ!"

ನಾನು ಹತ್ತು ವರ್ಷದಿಂದ ಹೇಳಲು ಹೆದರಿದ್ದ ಮಾತನ್ನು ಆ ಹುಡುಗಿ ಒಂದೇ ಉಸಿರಿಗೆ ಹೇಳಿದಳು. ಇಡೀ ಬೀದಿ ಕೇಳಿಸಿಕೊಂಡಿತು. ತಾಯಿ ಚೊಂಬು ಕೆಳಗಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹಾಲೇಶ ಸೋಪಿನ ಮೈಯಲ್ಲೇ ಎದ್ದು "ಅಕ್ಕ ಬಯ್ಯಬ್ಯಾಡ" ಎಂದ.

ದಿವ್ಯಾ ದೇವತೆಯೇನಲ್ಲ. ಚಿಕ್ಕಂದಿನಲ್ಲಿ ಇವನು ನನ್ನ ನೋಟ್‌ಬುಕ್ಕೆಲ್ಲ ಹರಿದುಹಾಕುತ್ತಿದ್ದ, ಒಂದು ಪ್ರವಾಸಕ್ಕೂ ನನ್ನನ್ನು ಕಳಿಸಲಿಲ್ಲ, ಇವನು ಸತ್ತುಹೋಗಲಿ ಅಂತ ಏಳನೇ ಕ್ಲಾಸಿನಲ್ಲಿ ಅಂದುಕೊಂಡಿದ್ದೆ ಎಂದು ನನ್ನೆದುರೇ ಹೇಳಿದಳು. "ಆದ್ರೂ ಅವನು ನನ್ನ ತಮ್ಮ. ನಾನೇ ಪಾಲಕಿ ಆಗ್ತೀನಿ. ಆದ್ರೆ ಅವ್ವನ ಥರ ಅಲ್ಲ. ಅವನು ನನ್ನ ಮನೆಗೆ ಬಂದು ಹೋಗಿ ಮಾಡ್ಲಿ, ತನ್ನ ಕೆಲಸ ತಾನು ಕಲೀಲಿ, ಗಿರಣೀನೂ ಬಿಡದು ಬ್ಯಾಡ."

ತಾಯಿ ಅಳಿಯನ ಮುಖ ನೋಡಿದರು. ಶರಣ್ ಕಡಿಮೆ ಮಾತಿನವನು. "ನಮ್ಮ ಅಮ್ಮ ಗೊಣಗ್ತಾರೆ ಅತ್ತೆ. ನಮ್ಮ ಮದುವೆ ಆದಾಗಿಂದ ಅವರು ಗೊಣಗ್ತಾನೇ ಇದಾರೆ" ಎಂದ. ಅಷ್ಟಕ್ಕೆ ತೀರ್ಮಾನವಾಯಿತು. ದಿವ್ಯಾಳ ಒಪ್ಪಿಗೆ ಪತ್ರ, ಹಾಲೇಶನ ಅಂಗವೈಕಲ್ಯದ ಕಾರ್ಡು, ವಯಸ್ಸಿನ ದಾಖಲೆ, ಫೋಟೋ ಎಲ್ಲ ಸೇರಿಸಿ ದಾಕ್ಷಾಯಣಮ್ಮನವರ ಅರ್ಜಿಯನ್ನು ಚಿತ್ರದುರ್ಗಕ್ಕೆ ಕೊಟ್ಟು ಬಂದೆವು. ಸಮಿತಿಯ ಕಡೆಯಿಂದ ಮನೆಗೆ ಬಂದು ವಿಚಾರಿಸಿ ಹೋದವರಿಗೆ ಹಾಲೇಶ ಡಬ್ಬಿಗಳ ಸಾಲು ತೋರಿಸಿದ.

ನಾಗಣ್ಣ ಸುಮ್ಮನಿರುತ್ತಾನೆಯೇ? ಸಮಿತಿಗೆ ತಕರಾರು ಅರ್ಜಿ ಹಾಕಿದ. ರಕ್ತ ಸಂಬಂಧಿ, ಗಂಡು ದಿಕ್ಕು, ವಂಶದ ಕುಡಿ, ಎಲ್ಲ ಅದರಲ್ಲಿತ್ತು. ದಾಕ್ಷಾಯಣಮ್ಮನವರಿಗೆ ಮೂರು ರಾತ್ರಿ ನಿದ್ದೆ ಇಲ್ಲ. ದೊಡ್ಡ ಆಫೀಸಿನಲ್ಲಿ ಟವೆಲ್ ಹಾಕಿದವರ ಮಾತೇ ನಡೆಯುತ್ತದೆ ಎಂದು ಅವರ ಭಯ. ತೋಟ ಹೋದರೆ ಹೋಗಲಿ, ಆ ಮೂಲೆಯಲ್ಲಿ ಹಾಲೇಶ ಹೇಗಿರುತ್ತಾನೆ ಎಂಬುದು ಅವರಿಗೆ ಈಗ ಕಣ್ಣಿಗೆ ಕಟ್ಟತೊಡಗಿತ್ತು.

ಸಭೆ ದಿನ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಉದ್ದನೆಯ ಮೇಜಿನ ಒಂದು ತುದಿಗೆ ಜಿಲ್ಲಾಧಿಕಾರಿಗಳು, ಅವರ ಪಕ್ಕ ಅಂಗವಿಕಲರಿಗಾಗಿ ಕೆಲಸ ಮಾಡುವ ಒಂದು ನೋಂದಾಯಿತ ಸಂಸ್ಥೆಯ ಪ್ರತಿನಿಧಿ, ಇನ್ನೊಂದು ಪಕ್ಕ ಗಂಗಾ ಮೇಡಂ. ಸಮಿತಿಯಲ್ಲಿ ಅಂಗವಿಕಲರೊಬ್ಬರು ಇರಲೇಬೇಕು. ಗಂಗಾ ಮೇಡಂಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ, ಹೈಸ್ಕೂಲಿನಲ್ಲಿ ಪಾಠ ಹೇಳುತ್ತಾರೆ. ನಾವು ಇತ್ತ ಕಡೆ ಕೂತೆವು. ನಾಗಣ್ಣ ಇಲ್ಲೂ ಮುಂದಿನ ಕುರ್ಚಿಯನ್ನೇ ಹಿಡಿದಿದ್ದ.

ಮೊದಲು ಹಾಲೇಶನಿಗೆ ಪಾಲಕರ ಅವಶ್ಯಕತೆ ಇದೆಯೇ, ಯಾವ ಯಾವ ವಿಷಯಕ್ಕೆ ಎಂದು ಕೇಳಿದರು. ಬ್ಯಾಂಕು, ಆಸ್ತಿ ಕಾಗದ, ಆಸ್ಪತ್ರೆ ಎಂದಳು ದಿವ್ಯಾ. ಊಟ, ಬಟ್ಟೆ, ಗಿರಣಿ ಅವನ ಇಷ್ಟದಂತೆ ಎಂದಳು. ಗಂಗಾ ಮೇಡಂ ತಲೆ ಆಡಿಸಿದರು. ಆಮೇಲೆ ನಾಗಣ್ಣನ ಸರದಿ.

"ಹಾಲೇಶ್ ಅವರಿಗೆ ಏನು ಕಂಡರೆ ಭಯ?" ಎಂದು ಸಂಸ್ಥೆಯವರು ಕೇಳಿದರು.

"ಭಯ ಏನು ಸಾರ್, ನಾನು ಇರೋವಾಗ!"

"ಊಟ ಏನು ಇಷ್ಟ?"

"ಏನ್ ಹಾಕಿದ್ರೂ ತಿಂತದೆ ಸಾರ್. ಏನೂ ತೊಂದ್ರೆ ಇಲ್ಲ."

ಉತ್ತರ ಸಾಲಲಿಲ್ಲ ಎಂದು ನಾಗಣ್ಣನಿಗೂ ಅನ್ನಿಸಿರಬೇಕು. ಜೇಬಿನಿಂದ ಮಡಿಸಿದ ಕಾಗದ ತೆಗೆದ. ಕಡೆಯ ಅಸ್ತ್ರ. "ಹುಡುಗನ ಮನಸ್ಸಿನಾಗೂ ನಾನೇ ಇದೀನಿ ಸಾರ್. ನನ್ನ ಚಿಕ್ಕಪ್ಪನೇ ನನಗೆ ಪಾಲಕ ಆಗಬೇಕು ಅಂತ ತಾನೇ ಬರೆಸಿ ಕೊಟ್ಟಿದಾನೆ, ನೋಡ್ರಿ."

ಜಿಲ್ಲಾಧಿಕಾರಿಗಳು ಕಾಗದವನ್ನು ಜೋರಾಗಿ ಓದಿದರು. ಸೊಗಸಾದ ಭಾಷೆ. "ಸ್ವಸಂತೋಷದಿಂದ" ಎಂಬ ಪದ ಎರಡು ಸಲ ಬಂದಿತ್ತು.

"ಕೆಳಗೆ ಏನಿದೆ ಸರ್?" ಎಂದು ಗಂಗಾ ಮೇಡಂ ಕೇಳಿದರು.

"ಎಡಗೈ ಹೆಬ್ಬೆಟ್ಟಿನ ಗುರುತು."

"ಹಾಲೇಶ್ ಅವರೇ, ನಿಮಗೆ ಸಹಿ ಮಾಡೋಕೆ ಬರುತ್ತಾ?"

ಅವನನ್ನು ಯಾರಾದರೂ "ಅವರೇ" ಎಂದದ್ದು ಅವನ ಜನ್ಮದಲ್ಲಿ ಇದೇ ಮೊದಲು. ಹಾಲೇಶ ಎದ್ದು ನಿಂತ. "ಬರ್ತೈತೆ. ಅಕ್ಕ ಕಲ್ಸಿದ್ಲು." ಕೇಳುವ ಮೊದಲೇ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು, ಸಿಕ್ಕಿದ ಹಾಳೆಯ ಮೇಲೆ, ನಾಲಿಗೆಯನ್ನು ತುಟಿಯಿಂದ ಹೊರಗೆ ಹಾಕಿ, ಮೂರು ಅಕ್ಷರ ಬರೆದ. ಹಾಲೇಶ. ಲೇ ಸ್ವಲ್ಪ ದೊಡ್ಡದಾಗಿತ್ತು. ಅವನ ಕಾರ್ಡಿನಲ್ಲಿ, ಅರ್ಜಿಯ ಜೊತೆಗಿದ್ದ ಪ್ರತಿಯೊಂದು ಕಾಗದದಲ್ಲಿ ಇದೇ ದೊಡ್ಡ ಲೇ ಇತ್ತು. ಬುದ್ಧಿ ಇಲ್ಲದವನು ಹೆಬ್ಬೆಟ್ಟೇ ಒತ್ತುತ್ತಾನೆ ಎಂದು ತಿಳಿದದ್ದು ನಾಗಣ್ಣನ ಬುದ್ಧಿ.

"ಹಾಗಾದ್ರೆ ಇಲ್ಲಿ ಯಾಕೆ ಹೆಬ್ಬೆಟ್ಟು ಒತ್ತಿದ್ರಿ?"

"ಚಿಕ್ಕಪ್ಪ ಒತ್ತು ಅಂತು. ನಾನು ಬರಿತೀನಿ ಅಂದೆ. ಬ್ಯಾಡ, ಟೈಮಿಲ್ಲ ಅಂತು." ಹಾಲೇಶ ತುಸು ಯೋಚಿಸಿ ಸೇರಿಸಿದ. "ಮಸಿ ಹೋಗ್ಲಿಲ್ಲ. ಅವ್ವ ಬೈತು."

ಯಾರೂ ನಗಲಿಲ್ಲ. ನಾನು ಮಾತ್ರ ನಗು ತಡೆಯಲು ಕೆಮ್ಮಬೇಕಾಯಿತು. ಜಿಲ್ಲಾಧಿಕಾರಿಗಳು ಆ ಕಾಗದವನ್ನು ಕಡತಕ್ಕೆ ಸೇರಿಸಿ ಎಂದು ಸಿಬ್ಬಂದಿಗೆ ಕೊಟ್ಟು, ನಾಗಣ್ಣನನ್ನು ಸುಮ್ಮನೆ ನೋಡಿದರು. ನಾಗಣ್ಣ ಟವೆಲ್‌ನಿಂದ ಕತ್ತು ಒರೆಸಿಕೊಂಡ. ಊರಿಗೆ ಬಂದ ಮೇಲೆ ಆಫೀಸಿನವರಿಗೆ ಕನ್ನಡ ಸರಿಯಾಗಿ ಬರಲ್ಲ ಎಂದು ಹೇಳಿಕೊಂಡು ತಿರುಗಿದ.

ಕೊನೆಗೆ ಗಂಗಾ ಮೇಡಂ ಹಾಲೇಶನನ್ನೇ ಕೇಳಿದರು, ನಿಮ್ಮ ಕಾಗದ ಪತ್ರ ಯಾರು ನೋಡಿಕೊಂಡರೆ ಆಗಬಹುದು ಎಂದು. ಅವನು ಅಕ್ಕನ ಭುಜ ಹಿಡಿದ. ಆದೇಶ ಮುಂದಿನ ತಿಂಗಳು ದಿವ್ಯಾಳ ಹೆಸರಿಗೆ ಬಂತು. ಅವಳು ಆಸ್ತಿ ಪಟ್ಟಿಯನ್ನು ಆರು ತಿಂಗಳು ಕಾಯದೆ ಇಪ್ಪತ್ತೇ ದಿನದಲ್ಲಿ ಕೊಟ್ಟಳು. ಸರ್ವೆಯವರನ್ನು ಕರೆಸಿ ಬದುವಿಗೆ ಕಲ್ಲು ಹಾಕಿಸಿದ್ದಳು. ದಾಕ್ಷಾಯಣಮ್ಮ ವಕೀಲರ ಹತ್ತಿರ ಒಂದು ಉಯಿಲನ್ನೂ ಬರೆಸಿದರು. ಅವರ ಪಾಲಿನ ಮನೆ ಮತ್ತು ಗಿರಣಿಯಲ್ಲಿ ಹಾಲೇಶ ಬದುಕಿರುವ ತನಕ ಇರಬೇಕು, ಯಾರೂ ಎಬ್ಬಿಸಕೂಡದು ಎಂದು.

ಕಾಗದದ ಕೆಲಸ ಮುಗಿಯಿತು. ಕಾಗದವಲ್ಲದ ಕೆಲಸ ಶುರುವಾಯಿತು. ತಿಂಗಳಿಗೆ ಎರಡು ದಿನ ಹಾಲೇಶ ಹೊಸದುರ್ಗದಲ್ಲಿ ಇರಬೇಕೆಂದು ದಿವ್ಯಾ ಹೇಳಿದಳು. ತಾಯಿ ಇದಕ್ಕೆ ಹೂಂ ಎಂದದ್ದು ಅದು ನಡೆಯುವುದಿಲ್ಲ ಎಂಬ ನಂಬಿಕೆಯಿಂದ. ಮಗ ಅರ್ಧ ರಾತ್ರಿಗೆ ಅವ್ವ ಬೇಕು ಎಂದು ಕೂಗುತ್ತಾನೆ, ವಾಪಸ್ ಕಳಿಸುತ್ತಾರೆ, ನಾನು ಮೊದಲೇ ಹೇಳಿದ್ದೆ ಎನ್ನಬಹುದು. ಶನಿವಾರ ದಿವ್ಯಾಳ ಜೊತೆ ಅವನನ್ನು ಬಸ್ಸು ಹತ್ತಿಸುವಾಗ ಅವನ ಚೀಲದಲ್ಲಿ ಎರಡು ದಿನಕ್ಕೆ ಆರು ಜೊತೆ ಬಟ್ಟೆ, ಕಲಸಿದ ಚಿತ್ರಾನ್ನ, ಎರಡು ಬಾಟಲಿ ನೀರು ಇತ್ತು. ಹೊಸದುರ್ಗದಲ್ಲಿ ನೀರು ಸಿಗುವುದಿಲ್ಲವೇನೋ.

ಶನಿವಾರ ರಾತ್ರಿ ಫೋನು ಬರಲಿಲ್ಲ. ಭಾನುವಾರ ಬೆಳಿಗ್ಗೆ ಏಳಕ್ಕೆ ನನ್ನ ಮನೆ ಬಾಗಿಲಿಗೆ ದಾಕ್ಷಾಯಣಮ್ಮ ಬಂದು ನಿಂತರು. "ಏನೋ ಆಗೈತೆ ಕಣಪ್ಪ. ಅದಕ್ಕೇ ಫೋನ್ ಮಾಡ್ತಿಲ್ಲ. ಹೋಗಾಣ ನಡಿ." ಏನೂ ಆಗದಿದ್ದರೂ ಫೋನು ಬರುವುದಿಲ್ಲ ಎಂಬುದು ಅವರ ಲೆಕ್ಕದಲ್ಲೇ ಇರಲಿಲ್ಲ. ಇಬ್ಬರೂ ಬಸ್ಸಿಗೆ ಹೋದೆವು.

ದಿವ್ಯಾ ಬಾಗಿಲು ತೆರೆದವಳು ತಾಯಿಯನ್ನು ನೋಡಿ ನಗಲೂ ಇಲ್ಲ, ಬಯ್ಯಲೂ ಇಲ್ಲ. ಹಿತ್ತಲಿನ ಕಡೆ ಕೈ ತೋರಿಸಿದಳು. ಬಚ್ಚಲ ಬಾಗಿಲು ಮುಚ್ಚಿತ್ತು. ಒಳಗೆ ನೀರು ಧಬಧಬ ಸುರಿಯುತ್ತಿತ್ತು, ಮಧ್ಯೆ ಯಾರೋ ಗುನುಗುತ್ತಿದ್ದರು. ದಾಕ್ಷಾಯಣಮ್ಮ ಚೀಲ ಕೆಳಗಿಟ್ಟು ಓಡಿ ಹೋಗಿ ಬಾಗಿಲು ತಳ್ಳಿದರು. ಒಳಗಿನಿಂದ ಚಿಲಕ ಹಾಕಿತ್ತು.

"ಯಾರದು?"

"ನಾನು ಕಣೋ, ಅವ್ವ. ತೆಗಿ ಬಾಗ್ಲ."

"ಬರಬ್ಯಾಡ. ನಾನು ಸ್ನಾನ ಮಾಡ್ತಿದೀನಿ."

"ಬೆನ್ನು ಉಜ್ಜಬೇಕಲ್ಲೋ."

"ಉಜ್ಜಿದೆ. ನೀ ಅಲ್ಲಿ ಕುಂತ್ಕ."

ದಾಕ್ಷಾಯಣಮ್ಮ ಅಲ್ಲಿಯೇ ಒಗೆಯುವ ಕಲ್ಲಿನ ಮೇಲೆ ಕುಂತರು. ನಾನು ಏನಾದರೂ ಕೊಂಕು ಹೇಳೋಣ ಎಂದು ಬಾಯಿ ತೆರೆದಿದ್ದೆ. ಅವರ ಮುಖ ನೋಡಿ ಮುಚ್ಚಿಕೊಂಡೆ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುತ್ತಿರಲಿಲ್ಲ.

"ರಂಗೇಶ, ದಿನಾ ದೀಪ ಹಚ್ಚಿ ನಾನು ಏನು ಬೇಡ್ಕಂತಿದ್ದೆ ಗೊತ್ತೇನಪ್ಪ?" ಎಂದರು. "ನನಗಿಂತ ಒಂದಿನ ಮುಂಚೆ ಇವನ್ನ ಕರ್ಕಂಬಿಡು ಅಂತ. ಒಂದೇ ಒಂದಿನ. ಇವನ್ನ ಮಣ್ಣು ಮಾಡಿ ಬಂದು ನಾನು ಮಲಿಕಂಡ್ರೆ ಸಾಕು ಅಂತ. ಹಡೆದೋಳು ಬೇಡೋ ಮಾತೇನಪ್ಪ ಅದು?"

ಇಂಥ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಎಷ್ಟೋ ತಾಯಂದಿರು ದೀಪದ ಮುಂದೆ ಇದನ್ನೇ ಬೇಡುತ್ತಾರೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ಅವ್ವನೂ ಬೇಡಿದ್ದಳೇನೋ, ನಾನು ಕೇಳಲಿಲ್ಲ.

ಚಿಲಕ ತೆಗೆದ ಸದ್ದಾಯಿತು. ಹಾಲೇಶ ಹೊರಗೆ ಬಂದ, ಲುಂಗಿ ಉಲ್ಟಾ ಸುತ್ತಿಕೊಂಡಿದ್ದ, ಎರಡೂ ಕಿವಿಯ ಹಿಂದೆ ಸೋಪಿನ ನೊರೆ ಹಾಗೆಯೇ ಇತ್ತು. ದಾಕ್ಷಾಯಣಮ್ಮ ಸೆರಗು ಹಿಡಿದು ಎದ್ದವರು ಅರ್ಧಕ್ಕೇ ನಿಂತು, ಮತ್ತೆ ಕುಂತರು. ಎರಡು ಕೈಯನ್ನೂ ಮಡಿಲಲ್ಲಿ ಒಂದಕ್ಕೊಂದು ಹಿಡಿದುಕೊಂಡರು.

"ಕಿವಿ ಹಿಂದೆ ಸೋಪು ಐತೆ ಮಗಾ" ಎಂದರು.

ಹಾಲೇಶ ಟವೆಲ್ ತೆಗೆದು ಒರೆಸಿಕೊಂಡ. ಆಮೇಲೆ ಅವ್ವನ ಚೀಲ ನೋಡಿದ. "ಇವತ್ತು ನಾ ಬರಲ್ಲ. ನಾಳೆ ಬರ್ತೀನಿ. ನೀ ಹೋಗು" ಎಂದು ಹೇಳಿ, ತಿಂಡಿ ತಿನ್ನಲು ಒಳಗೆ ಹೋದ.

ಸಂಜೆಯ ಬಸ್ಸಿನಲ್ಲಿ ದಾಕ್ಷಾಯಣಮ್ಮ ಕಿಟಕಿ ಪಕ್ಕ ಕೂತಿದ್ದರು. ಹೊಳಲ್ಕೆರೆ ಇನ್ನೂ ದೂರವಿತ್ತು. "ಇನ್ನ ಆ ಮಾತು ಬೇಡಲ್ಲ ಕಣಪ್ಪ" ಎಂದರು. ಮಡಿಲಿನ ಚೀಲ ಸರಿ ಮಾಡಿಕೊಂಡು, "ನನಗೇ ಒಂದತ್ತು ವರ್ಷ ಜಾಸ್ತಿ ಕೊಡು ಅಂತ ಕೇಳ್ತೀನಿ. ಇವನು ಇನ್ನೂ ಏನೇನು ಕಲೀತಾನೋ, ನೋಡಬೇಕು" ಎಂದರು.